ರಾತ್ರಿ ಬಂದ ಸುದ್ದಿ, ಬೆಳಗಿನ ಗ್ಯಾಪ್: ಮಾರಿದ ಸ್ಪ್ರೆಡ್‌ಗೆ ಸ್ಟಾಪ್ ಲಾಸ್ ಯಾಕೆ ಕಾವಲಾಗುವುದಿಲ್ಲ

ಆಪ್ಷನ್ ಸ್ಪ್ರೆಡ್ ಮಾರುವವರು ಸಾಮಾನ್ಯವಾಗಿ ಹೇಳುವ ಮಾತು ಇದು: "ಪ್ರೀಮಿಯಂ ಎರಡು ಪಟ್ಟಾದರೆ ಹೊರಗೆ ಬರ್ತೀನಿ, ಸ್ಟಾಪ್ ಹಾಕಿದ್ದೀನಿ." ನಾನೂ ಕೆಲವು ವರ್ಷ ಇದೇ ಮಾತು ಹೇಳುತ್ತಿದ್ದೆ. ಆರ್ಡರ್ ಪಟ್ಟಿಯಲ್ಲಿ ಸ್ಟಾಪ್ ಕಾಣಿಸುತ್ತಿದ್ದರೆ ನೆಮ್ಮದಿಯಾಗಿ ನಿದ್ದೆ ಬರುತ್ತಿತ್ತು. ಒಂದು ಬೆಳಿಗ್ಗೆ ಎದ್ದು ನೋಡಿದಾಗ, ನಾನು ಅಂದುಕೊಂಡಿದ್ದರ ಸುಮಾರು ನಾಲ್ಕು ಪಟ್ಟು ನಷ್ಟದಲ್ಲಿ ಆರ್ಡರ್ ಮುಗಿದಿತ್ತು. ಆರ್ಡರ್ ತಪ್ಪೇನೂ ಮಾಡಿರಲಿಲ್ಲ. ಹೇಳಿದ ಕೆಲಸವನ್ನೇ ಮಾಡಿತ್ತು. ನಾನು ಏನು ಹೇಳಿದ್ದೆ ಅನ್ನುವುದು ನನಗೇ ಗೊತ್ತಿರಲಿಲ್ಲ, ಅಷ್ಟೇ.

ಇಲ್ಲಿ ಒಂದೇ ಉದಾಹರಣೆ ಇಟ್ಟುಕೊಂಡು ಮೊದಲಿನಿಂದ ಕೊನೆಯವರೆಗೆ ಹೋಗೋಣ. ಸ್ಪ್ರೆಡ್, ಸ್ಟ್ರೈಕ್, ಬಿಡ್, ಆಸ್ಕ್ ಅಂದರೆ ಏನು ಅಂತ ನಿಮಗೆ ಗೊತ್ತಿದೆ ಅಂದುಕೊಂಡೇ ಬರೆಯುತ್ತಿದ್ದೇನೆ.

## ನಮ್ಮ ಉದಾಹರಣೆ

ಒಂದು ಷೇರು 100ರಲ್ಲಿ ನಡೆಯುತ್ತಿದೆ. ಎಕ್ಸ್‌ಪೈರಿಗೆ 30 ದಿನ ಇದೆ. ಷೇರು ಬೀಳುವುದಿಲ್ಲ ಅನ್ನುವ ಅಂದಾಜಿನಲ್ಲಿ ನೀವು 95ರ ಪುಟ್ ಮಾರಿ, 90ರ ಪುಟ್ ಕೊಂಡಿದ್ದೀರಿ. ಕೈಗೆ ಬಂದ ಪ್ರೀಮಿಯಂ 1.20. ಒಂದು ಕಾಂಟ್ರಾಕ್ಟ್‌ಗೆ 100 ಷೇರು, ಹಾಗಾಗಿ ಒಂದು ಸ್ಪ್ರೆಡ್‌ಗೆ ಬಂದ ಹಣ 120.

ಸ್ಟ್ರೈಕ್‌ಗಳ ನಡುವಿನ ಅಗಲ 5. ಎಕ್ಸ್‌ಪೈರಿಯಲ್ಲಿ ಷೇರು 90ಕ್ಕಿಂತ ಎಷ್ಟೇ ಕೆಳಗಿದ್ದರೂ ಈ ಸ್ಪ್ರೆಡ್‌ನ ಬೆಲೆ 5 ಮಾತ್ರ. ಅದರಲ್ಲಿ 1.20 ಮೊದಲೇ ಬಂದಿದೆ. ಹಾಗಾಗಿ ಗರಿಷ್ಠ ನಷ್ಟ 3.80, ಅಂದರೆ ಸ್ಪ್ರೆಡ್‌ಗೆ 380.

ಇದರ ಮೇಲೆ ನೀವು 2.40ಕ್ಕೆ ಸ್ಟಾಪ್ ಹಾಕಿದ್ದೀರಿ. ಸ್ಪ್ರೆಡ್‌ನ ಬೆಲೆ ಏರಿ ಅಲ್ಲಿಗೆ ಬಂದರೆ ಕೊಂಡು ಮುಗಿಸುವುದು, 1.20 ಕಳೆದುಕೊಳ್ಳುವುದು. ಅಂದರೆ ನಿಮ್ಮ ಮನಸ್ಸಿನಲ್ಲಿರುವ ನಷ್ಟ 120, ಕಾಗದದ ಮೇಲಿರುವ ನಷ್ಟ 380. ಈ ಎರಡು ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಿ, ಉಳಿದ ಮಾತೆಲ್ಲ ಇವುಗಳ ನಡುವಿನ ಅಂತರದ ಬಗ್ಗೆಯೇ.

ಹಗಲಿನಲ್ಲಿ ಷೇರು ನಿಧಾನಕ್ಕೆ ಜಾರಿದರೆ ಸ್ಟಾಪ್ ಪರವಾಗಿಲ್ಲ ಅನ್ನುವಂತೆ ಕೆಲಸ ಮಾಡುತ್ತದೆ. ಷೇರು 98, 96, 94 ಅಂತ ಇಳಿಯುತ್ತಾ, ಹೆಚ್ಚು ಕಡಿಮೆ 93–94ರ ಹತ್ತಿರ ಬಂದಾಗ ಸ್ಪ್ರೆಡ್ 2.40 ಮುಟ್ಟುತ್ತದೆ. ದಾರಿಯುದ್ದಕ್ಕೂ ವ್ಯಾಪಾರ ನಡೆಯುತ್ತಿರುತ್ತದೆ. 2.40ಕ್ಕೋ 2.50ಕ್ಕೋ ಹೊರಗೆ ಬರಬಹುದು. ತಿಂಗಳುಗಟ್ಟಲೆ ಹೀಗೇ ನಡೆದರೆ ಸ್ಟಾಪ್ ಮೇಲೆ ನಂಬಿಕೆ ಬೆಳೆಯುತ್ತದೆ. ಅಪಾಯ ಇರುವುದು ಇಲ್ಲೇ.

## ಮೊದಲ ಹೆಜ್ಜೆ: ಸ್ಟಾಪ್ ಅಂದರೆ ಬೆಲೆಯಲ್ಲ, ಷರತ್ತು ಅಂತ ತಿಳಿಯಿರಿ

ಸ್ಟಾಪ್ ಆರ್ಡರ್‌ನಲ್ಲಿ ಒಂದು ವಾಕ್ಯ ಮಾತ್ರ ಇದೆ: "ಬೆಲೆ ಇಲ್ಲಿಗೆ ಬಂದರೆ ಅಥವಾ ಇದನ್ನು ದಾಟಿದರೆ, ನನ್ನ ಪರವಾಗಿ ಮಾರ್ಕೆಟ್ ಆರ್ಡರ್ ಕಳಿಸಿ." 2.40 ಅನ್ನುವುದು ಆ ಷರತ್ತಿನ ಭಾಗ. ನಿಮಗೆ ಸಿಗುವ ಬೆಲೆ ಯಾವುದು ಅಂತ ಆ ವಾಕ್ಯದಲ್ಲಿ ಎಲ್ಲೂ ಇಲ್ಲ. 2.40ಕ್ಕೆ ಯಾರಾದರೂ ನಿಮಗೆ ಮಾರುತ್ತೇನೆ ಅಂತ ಮಾತು ಕೊಟ್ಟಿಲ್ಲ.

ರಾತ್ರಿ ಮಾರುಕಟ್ಟೆ ಮುಚ್ಚಿರುತ್ತದೆ. ಷೇರು ಸಂಜೆ 100ರಲ್ಲಿ ನಿಂತಿತು. ರಾತ್ರಿ ಕೆಟ್ಟ ಸುದ್ದಿ ಬಂತು: ಔಷಧ ಪರೀಕ್ಷೆ ವಿಫಲ, ಲೆಕ್ಕಪತ್ರದಲ್ಲಿ ಮೋಸ, ಮುಖ್ಯಸ್ಥರ ರಾಜೀನಾಮೆ, ಯಾವುದೋ ಒಂದು. ಬೆಳಿಗ್ಗೆ ಮೊದಲ ವ್ಯಾಪಾರ 84ರಲ್ಲಿ. 99ರಿಂದ 85ರವರೆಗಿನ ಬೆಲೆಗಳಲ್ಲಿ ಒಂದೇ ಒಂದು ವ್ಯಾಪಾರವೂ ನಡೆದಿಲ್ಲ. ಗ್ಯಾಪ್ ಅಂದರೆ ಇದೇ. ಸ್ಪ್ರೆಡ್‌ಗೂ ಅಷ್ಟೇ. ನಿನ್ನೆ ಸಂಜೆ ಅದು 1.20ರ ಆಸುಪಾಸಿನಲ್ಲಿತ್ತು, ಇವತ್ತು ಬೆಳಿಗ್ಗೆ ನಾಲ್ಕರ ಹತ್ತಿರ. ಮಧ್ಯದ 2.40 ಅನ್ನುವ ಬೆಲೆ ಹುಟ್ಟಲೇ ಇಲ್ಲ. ಹುಟ್ಟದ ಬೆಲೆಗೆ ಕೊಳ್ಳುವುದು ಹೇಗೆ?

"ಹಾಗಾದರೆ ಸ್ಟಾಪ್ ಲಿಮಿಟ್ ಹಾಕ್ತೀನಿ" ಅನ್ನುವವರಿದ್ದಾರೆ. 2.40 ಮುಟ್ಟಿದರೆ ಆರ್ಡರ್ ಹೋಗಲಿ, ಆದರೆ 2.60ಕ್ಕಿಂತ ಜಾಸ್ತಿ ಕೊಡಬೇಡ ಅನ್ನುವ ಆರ್ಡರ್ ಅದು. ನಮ್ಮ ಉದಾಹರಣೆಯಲ್ಲಿ ಷರತ್ತು ಬೆಳಿಗ್ಗೆ ತಕ್ಷಣ ಪೂರ್ತಿಯಾಗುತ್ತದೆ, ಆರ್ಡರ್ ಹೋಗುತ್ತದೆ, 2.60ಕ್ಕೆ ಮಾರುವವರು ಯಾರೂ ಇಲ್ಲದೆ ಅಲ್ಲೇ ಕೂರುತ್ತದೆ. ಕೆಟ್ಟ ಬೆಲೆ ತಪ್ಪಿತು ನಿಜ. ಆದರೆ ಸ್ಪ್ರೆಡ್ ಇನ್ನೂ ನಿಮ್ಮ ಕೈಯಲ್ಲೇ ಇದೆ. ಒಂದರಲ್ಲಿ ಹೊರಗೆ ಬರುವುದು ಖಚಿತ, ಬೆಲೆ ಖಚಿತವಲ್ಲ. ಇನ್ನೊಂದರಲ್ಲಿ ಬೆಲೆ ಖಚಿತ, ಹೊರಗೆ ಬರುವುದು ಖಚಿತವಲ್ಲ. ಎರಡನ್ನೂ ಒಟ್ಟಿಗೆ ಕೊಡುವ ಆರ್ಡರ್ ಇಲ್ಲ.

ಮತ್ತೆ ಕೆಲವರು ಸ್ಪ್ರೆಡ್‌ನ ಬೆಲೆ ಬಿಟ್ಟು ಷೇರಿನ ಬೆಲೆಗೆ ಷರತ್ತು ಕಟ್ಟುತ್ತಾರೆ: "ಷೇರು 94ಕ್ಕಿಂತ ಕೆಳಗೆ ಹೋದರೆ ಸ್ಪ್ರೆಡ್ ಮುಗಿಸು." ಹಗಲಿನಲ್ಲಿ ಇದು ನಿಜಕ್ಕೂ ಒಳ್ಳೆಯದು, ಯಾಕೆಂದರೆ ಷೇರಿನ ಬೆಲೆ ಆಪ್ಷನ್ ಕೋಟ್‌ನಷ್ಟು ಸುಳ್ಳು ಹೇಳುವುದಿಲ್ಲ. ಆದರೆ ಗ್ಯಾಪ್‌ಗೆ ಇದೂ ಮದ್ದಲ್ಲ. 84 ಕೂಡ 94ಕ್ಕಿಂತ ಕೆಳಗೇ ಇದೆ ಅಲ್ವಾ?

ಗ್ಯಾಪ್ ರಾತ್ರಿಯೇ ಬರಬೇಕು ಅಂತಲೂ ಇಲ್ಲ. 2015ರ ಜನವರಿ 15ರಂದು ಸ್ವಿಟ್ಜರ್ಲೆಂಡ್‌ನ ಕೇಂದ್ರ ಬ್ಯಾಂಕ್, ಒಂದು ಯೂರೋಗೆ 1.20 ಫ್ರಾಂಕ್ ಅನ್ನುವ ಕನಿಷ್ಠ ಮಿತಿಯನ್ನು ಹೇಳದೆ ಕೇಳದೆ ತೆಗೆದುಹಾಕಿತು. ಕರೆನ್ಸಿ ಮಾರುಕಟ್ಟೆ ಆಗ ತೆರೆದೇ ಇತ್ತು. 1.20ರ ಸ್ವಲ್ಪ ಕೆಳಗೆ ಸ್ಟಾಪ್ ಇಟ್ಟು ಕೂತಿದ್ದವರಿಗೆ ಆ ಬೆಲೆ ಸಿಗಲಿಲ್ಲ. ಎಷ್ಟೋ ಕೆಳಗಿನ ಬೆಲೆಗೆ ಆರ್ಡರ್‌ಗಳು ಮುಗಿದವು. ಕೆಲವು ಬ್ರೋಕರ್ ಕಂಪನಿಗಳೇ ಮುಳುಗಿದವು.

ಗ್ಯಾಪ್ ಕೆಳಗೇ ಬರಬೇಕು ಅಂತಲೂ ಇಲ್ಲ. 2020ರ ನವೆಂಬರ್ 9ರ ಬೆಳಿಗ್ಗೆ, ಅಮೆರಿಕದ ಮಾರುಕಟ್ಟೆ ತೆರೆಯುವ ಮೊದಲೇ ಫೈಜರ್ ತನ್ನ ಕೋವಿಡ್ ಲಸಿಕೆಯ ಫಲಿತಾಂಶ ಹೇಳಿತು. ವಿಮಾನ ಮತ್ತು ಪ್ರವಾಸಿ ಹಡಗು ಕಂಪನಿಗಳ ಷೇರುಗಳು ಮೇಲಕ್ಕೆ ಹಾರಿಯೇ ತೆರೆದವು. ಮನೆಯಲ್ಲಿ ಕೂತವರನ್ನು ನಂಬಿಕೊಂಡಿದ್ದ ಜೂಮ್‌ನಂಥ ಷೇರುಗಳು ಅದೇ ಬೆಳಿಗ್ಗೆ ಬಿದ್ದವು. "ಇದು ಇನ್ನೆಲ್ಲಿ ಏರುತ್ತೆ" ಅಂತ ವಿಮಾನ ಷೇರುಗಳಲ್ಲಿ ಕಾಲ್ ಸ್ಪ್ರೆಡ್ ಮಾರಿದ್ದವರಿಗೆ ಒಳ್ಳೆಯ ಸುದ್ದಿಯೇ ಕೆಟ್ಟ ಸುದ್ದಿ.

## ಎರಡನೇ ಹೆಜ್ಜೆ: ತೆರೆದ ಮೊದಲ ನಿಮಿಷವನ್ನು ಹತ್ತಿರದಿಂದ ನೋಡಿ

ಇಲ್ಲಿ ಸ್ವಲ್ಪ ನಿಲ್ಲೋಣ. ಸ್ಟಾಪ್ ಕಾಪಾಡುವುದಿಲ್ಲ ಅನ್ನುವುದು ಅರ್ಧ ಮಾತು. ಸ್ಪ್ರೆಡ್ ವಿಷಯದಲ್ಲಿ ಅದು ನಷ್ಟವನ್ನು ಇನ್ನೂ ಹೆಚ್ಚಿಸಬಹುದು ಅನ್ನುವುದು ಉಳಿದರ್ಧ.

ಷೇರು 84ರಲ್ಲಿ ತೆರೆಯಿತು. ಎಕ್ಸ್‌ಪೈರಿಗೆ ಇನ್ನೂ 29 ದಿನ. ಆಪ್ಷನ್ ಬೆಲೆ ಕೊಡುವ ಮಾರ್ಕೆಟ್ ಮೇಕರ್‌ಗಳಿಗೂ ಆ ಹೊತ್ತಿನಲ್ಲಿ ಷೇರು ಎಲ್ಲಿ ನಿಲ್ಲುತ್ತೆ ಅಂತ ಗೊತ್ತಿಲ್ಲ. ಅವರು ಮಾಡುವುದು ಒಂದೇ: ಬಿಡ್ ಕೆಳಗೆ, ಆಸ್ಕ್ ಮೇಲೆ ಎಳೆದು ನಡುವೆ ದೊಡ್ಡ ಅಂತರ ಬಿಡುವುದು. ಮೊದಲ ನಿಮಿಷದ ಕೋಟ್ ಹೀಗಿದೆ ಅಂದುಕೊಳ್ಳಿ:

95ರ ಪುಟ್: ಬಿಡ್ 11.40, ಆಸ್ಕ್ 13.40
90ರ ಪುಟ್: ಬಿಡ್ 7.60, ಆಸ್ಕ್ 9.40

ಸ್ಪ್ರೆಡ್ ಮುಗಿಸಬೇಕಾದರೆ 95ರದ್ದನ್ನು ಕೊಳ್ಳಬೇಕು, 90ರದ್ದನ್ನು ಮಾರಬೇಕು. ಸ್ಟಾಪ್ ಈಗ ಮಾರ್ಕೆಟ್ ಆರ್ಡರ್ ಆಗಿದೆ. ಅದಕ್ಕೆ ಚೌಕಾಸಿ ಗೊತ್ತಿಲ್ಲ. ಎರಡು ಕಾಲುಗಳೂ, ಅಂದರೆ ಸ್ಪ್ರೆಡ್‌ನ ಎರಡು ಪುಟ್‌ಗಳೂ, ಸಿಕ್ಕ ಬೆಲೆಗೆ ಹೋದರೆ 13.40 ಕೊಟ್ಟು 7.60 ತೆಗೆದುಕೊಂಡಂತೆ. ನೀವು ಕೊಟ್ಟ ಬೆಲೆ 5.80.

ಈ ಸಂಖ್ಯೆಯನ್ನು ಇನ್ನೊಮ್ಮೆ ನೋಡಿ. ಎಕ್ಸ್‌ಪೈರಿಯಲ್ಲಿ 5ಕ್ಕಿಂತ ಜಾಸ್ತಿ ಬೆಲೆ ಬಾಳಲು ಸಾಧ್ಯವೇ ಇಲ್ಲದ ವಸ್ತುವಿಗೆ ನೀವು 5.80 ಕೊಟ್ಟಿದ್ದೀರಿ. ಬಂದಿದ್ದು 1.20, ಹಾಗಾಗಿ ನಷ್ಟ 4.60. ಏನೂ ಮಾಡದೆ ಎಕ್ಸ್‌ಪೈರಿವರೆಗೆ ಸುಮ್ನೆ ಕೂತಿದ್ದರೂ 3.80ಕ್ಕಿಂತ ಜಾಸ್ತಿ ಹೋಗುತ್ತಿರಲಿಲ್ಲ. ನಷ್ಟ ಕಡಿಮೆ ಮಾಡಲೆಂದು ಹಾಕಿದ ಆರ್ಡರ್, ಗರಿಷ್ಠ ನಷ್ಟದ ಗೆರೆಯನ್ನೇ ದಾಟಿಸಿತು.

ಎರಡೂ ಕಾಲನ್ನು ಒಂದೇ ಜೋಡಿಯಾಗಿ ಕಳಿಸುವ ಬ್ರೋಕರ್‌ಗಳಲ್ಲಿ ಇಷ್ಟು ಕೆಟ್ಟದಾಗುವುದು ಕಡಿಮೆ. ಒಂದೊಂದು ಕಾಲಿಗೂ ಬೇರೆ ಬೇರೆ ಸ್ಟಾಪ್ ಹಾಕಿದ್ದರೆ ಮಾತ್ರ ಇದಕ್ಕಿಂತ ಕೆಟ್ಟದ್ದೂ ಆಗಬಹುದು. ಕೊಂಡ ಪುಟ್ ಮೊದಲು ಮಾರಾಟವಾಗಿ ಮಾರಿದ ಪುಟ್ ಒಂದೇ ಉಳಿದರೆ, ಅಷ್ಟು ಹೊತ್ತು ಕೆಳಗೆ ತಳವೇ ಇಲ್ಲ. ನನ್ನ ಮಾತು ಕೇಳುವುದಾದರೆ, ಸ್ಪ್ರೆಡ್‌ನ ಕಾಲುಗಳಿಗೆ ಬೇರೆ ಬೇರೆ ಸ್ಟಾಪ್ ಯಾವತ್ತೂ ಹಾಕಬೇಡಿ.

ಈಗ ಅದೇ ಷೇರು, ಅದೇ 84, ಆದರೆ ಇಪ್ಪತ್ತು ಮೂವತ್ತು ನಿಮಿಷ ಕಳೆದಿದೆ. ಗದ್ದಲ ಸ್ವಲ್ಪ ಇಳಿದಿದೆ. ಕೋಟ್ ಹೀಗಾಗಿದೆ:

95ರ ಪುಟ್: ಬಿಡ್ 12.10, ಆಸ್ಕ್ 12.50
90ರ ಪುಟ್: ಬಿಡ್ 8.30, ಆಸ್ಕ್ 8.60

ನಡುಬೆಲೆ ಲೆಕ್ಕ ಹಾಕಿದರೆ 12.30ರಿಂದ 8.45 ಕಳೆದು 3.85. ನೀವು 3.95ಕ್ಕೆ ಲಿಮಿಟ್ ಆರ್ಡರ್ ಇಟ್ಟರೆ ಸಿಗುವ ಸಾಧ್ಯತೆ ಚೆನ್ನಾಗಿದೆ. ನಷ್ಟ 2.75. ಷೇರು ಒಂದು ಪೈಸೆ ಚೇತರಿಸಿಕೊಂಡಿಲ್ಲ. ಆದರೂ 4.60 ಮತ್ತು 2.75ರ ನಡುವೆ ಇಷ್ಟು ದೂರ.

ಬೆಲೆ ಯಾಕೆ ಪೂರ್ತಿ 5 ಆಗಿಲ್ಲ ಅಂತ ಕೇಳಬಹುದು. ಷೇರು 90ರ ಕೆಳಗಿದ್ದರೂ ಇನ್ನೂ 29 ದಿನ ಇದೆ. ಅಷ್ಟರಲ್ಲಿ ಅದು 90ರ ಮೇಲೆ ಬರುವ ಸಾಧ್ಯತೆಗೂ ಬೆಲೆ ಇದೆ. ಹಾಗಾಗಿ ಎರಡು ಪುಟ್‌ಗಳ ನಡುವಿನ ಅಂತರ 5ಕ್ಕಿಂತ ಕಡಿಮೆ ಇರುತ್ತದೆ. ಷೇರು 70ಕ್ಕೆ ಬಿದ್ದಿದ್ದರೆ ಅದು 5ಕ್ಕೆ ಅಂಟಿಕೊಂಡಂತೆ ಇರುತ್ತಿತ್ತು. ಎಕ್ಸ್‌ಪೈರಿಗೆ ಎರಡೇ ದಿನ ಇದ್ದಿದ್ದರೂ ಹಾಗೇ.

ಇನ್ನೊಂದು ಚಿಕ್ಕ ತೊಂದರೆ ಇದೆ, ಇದು ಗ್ಯಾಪ್ ಇಲ್ಲದ ದಿನವೂ ಕಾಡುತ್ತದೆ. ಷೇರು ಬರೀ 98ಕ್ಕೆ ತೆರೆಯಿತು ಅಂದುಕೊಳ್ಳಿ. ಸ್ಪ್ರೆಡ್‌ನ ನಿಜವಾದ ಬೆಲೆ 1.50 ಆಸುಪಾಸು. ಆದರೆ ಮೊದಲ ಕೆಲವು ಸೆಕೆಂಡ್ ಕೋಟ್ ಅಗಲವಾಗಿದ್ದು ಕೊಳ್ಳುವ ಬದಿಯಲ್ಲಿ 2.50 ಕಾಣಿಸಿತು. ನಿಮ್ಮ ಸ್ಟಾಪ್ ಆ ಕೋಟ್ ನೋಡಿ ಎದ್ದಿತು, ಕೊಂಡಿತು, ಮುಗಿಯಿತು. ಹತ್ತು ನಿಮಿಷದ ಮೇಲೆ ಸ್ಪ್ರೆಡ್ 1.50ರಲ್ಲಿ ಆರಾಮಾಗಿ ನಡೆಯುತ್ತಿದೆ. ನಿಮ್ಮ ಬ್ರೋಕರ್‌ನ ಸ್ಟಾಪ್ ಯಾವುದನ್ನು ನೋಡಿ ಏಳುತ್ತದೆ, ಕೊನೆಯ ವ್ಯಾಪಾರವನ್ನೋ, ಆಸ್ಕ್ ಅನ್ನೋ, ನಡುಬೆಲೆಯನ್ನೋ, ಅಂತ ಒಮ್ಮೆ ಕೇಳಿ ತಿಳಿದುಕೊಳ್ಳಿ.

## ಮೂರನೇ ಹೆಜ್ಜೆ: ಎಷ್ಟು ಸ್ಪ್ರೆಡ್ ಅನ್ನುವುದನ್ನು ಅಗಲದಿಂದ ಲೆಕ್ಕ ಹಾಕಿ

ನನ್ನ ಪ್ರಕಾರ ಸ್ಟಾಪ್ ಮಾಡುವ ದೊಡ್ಡ ಹಾನಿ ಆರ್ಡರ್ ಮುಗಿಯುವ ಬೆಳಿಗ್ಗೆ ಆಗುವುದಿಲ್ಲ. ಸ್ಪ್ರೆಡ್ ಮಾರುವ ದಿನವೇ, ಎಷ್ಟು ಮಾರಬೇಕು ಅಂತ ಲೆಕ್ಕ ಹಾಕುವಾಗಲೇ ಆಗಿರುತ್ತದೆ.

ಖಾತೆಯಲ್ಲಿ 1,00,000 ಇದೆ. ಒಂದು ವ್ಯವಹಾರದಲ್ಲಿ ಶೇ 2ಕ್ಕಿಂತ ಜಾಸ್ತಿ ಕಳೆದುಕೊಳ್ಳಬಾರದು ಅಂತ ನಿಯಮ ಇಟ್ಟುಕೊಂಡಿದ್ದೀರಿ. ಅಂದರೆ 2,000. ಸ್ಟಾಪ್ ನಂಬಿದವರ ಲೆಕ್ಕ ಮೇಲಿನ ಸಾಲು, ಅಗಲ ನಂಬಿದವರ ಲೆಕ್ಕ ಕೆಳಗಿನದು:

```
2000 / 120 = 16.7  ->  16
2000 / 380 =  5.3  ->   5
```

ಹದಿನಾರು ಮಾರಿದವರ ಮನಸ್ಸಿನಲ್ಲಿ ಇರುವ ನಷ್ಟ 1,920. ಗ್ಯಾಪ್ ಬಂದ ಬೆಳಿಗ್ಗೆ ಸ್ಟಾಪ್ 5.80ಕ್ಕೆ ಮುಗಿದರೆ ಹೋಗುವುದು 7,360. ಖಾತೆಯ ಶೇ 7ಕ್ಕಿಂತ ಜಾಸ್ತಿ. ತಾಳ್ಮೆಯಿಂದ 3.95ಕ್ಕೆ ಮುಗಿಸಿದರೂ 4,400. ನಿಯಮದಲ್ಲಿ ಶೇ 2 ಅಂತ ಬರೆದಿತ್ತು. ನಿಯಮ ಮುರಿದಿದ್ದು ಬೆಳಿಗ್ಗೆ ಅಲ್ಲ, ಹದಿನಾರು ಅಂತ ಟೈಪ್ ಮಾಡಿದಾಗ.

ಐದೇ ಮಾರಿದವರಿಗೆ ಅದೇ ಬೆಳಿಗ್ಗೆ, ತಾಳ್ಮೆಯಿಂದ ಮುಗಿಸಿದರೆ 1,375 ಹೋಗುತ್ತದೆ. ಸ್ಪ್ರೆಡ್ ಪೂರ್ತಿ ಹೋದರೂ 1,900. ಬೇಜಾರಾಗುತ್ತೆ, ಆದರೆ ಲೆಕ್ಕದೊಳಗೇ ಇದೆ.

ಐದು ಸ್ಪ್ರೆಡ್‌ಗೆ ಬರುವ ಪ್ರೀಮಿಯಂ 600 ಮಾತ್ರ, ಹದಿನಾರಕ್ಕೆ 1,920. ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ, ನಿಜ. ಹಾಗಂತ ಆ ಹೆಚ್ಚಿನ 1,320 ಸುಮ್ಮನೆ ಬಂದ ಹಣವಲ್ಲ. ನೀವು ಹೊತ್ತುಕೊಂಡ ಗ್ಯಾಪ್‌ಗೆ ಸಿಕ್ಕ ಕೂಲಿ ಅದು. ಸ್ಟಾಪ್ ಇದೆ ಅನ್ನುವ ಧೈರ್ಯದಲ್ಲಿ ಆ ಹೊರೆ ಕಾಣಿಸಿರಲಿಲ್ಲ ಅಷ್ಟೇ.

ಇದೇ ಧೈರ್ಯ ಇನ್ನೊಂದು ಕಡೆಗೂ ಎಳೆಯುತ್ತದೆ. "ಸ್ಟಾಪ್ ಇದೆಯಲ್ಲ, 90ರ ಪುಟ್ ಯಾಕೆ, ಅಗ್ಗದ 80ರದ್ದು ಕೊಂಡರೆ ಪ್ರೀಮಿಯಂ ಜಾಸ್ತಿ ಉಳಿಯುತ್ತೆ" ಅನ್ನಿಸುತ್ತದೆ. 95 ಮತ್ತು 80ರ ಸ್ಪ್ರೆಡ್‌ಗೆ ಸುಮಾರು 1.80 ಬರಬಹುದು. 1.20ಕ್ಕಿಂತ 0.60 ಜಾಸ್ತಿ. ಆದರೆ ಗರಿಷ್ಠ ನಷ್ಟ 3.80ರಿಂದ 13.20ಕ್ಕೆ ಹಾರಿತು. ಅರವತ್ತರ ಆಸೆಗೆ ಒಂಬೈನೂರ ನಲವತ್ತು ಅಡವಿಟ್ಟಂತೆ. ಷೇರು 84ಕ್ಕೆ ತೆರೆದ ಬೆಳಿಗ್ಗೆ ಆ 80ರ ಪುಟ್ ಇನ್ನೂ ದೂರದಲ್ಲೇ ನಿಂತಿರುತ್ತದೆ.

ನೀವು ಮಲಗಿದ್ದಾಗ ಕೆಲಸ ಮಾಡುವುದು ಕೊಂಡ ಪುಟ್ ಒಂದೇ. ಅದಕ್ಕೆ ಯಾರೂ ಆರ್ಡರ್ ಕೊಡಬೇಕಿಲ್ಲ, ಕೋಟ್ ಸರಿ ಇರಬೇಕಿಲ್ಲ, ಮಾರುಕಟ್ಟೆ ತೆರೆದಿರಬೇಕಿಲ್ಲ. 90ಕ್ಕೆ ಮಾರುವ ಹಕ್ಕು ನಿಮ್ಮ ಕೈಯಲ್ಲಿ ಇರುತ್ತದೆ. ಸ್ಟಾಪ್‌ಗೆ ನಂಬಿಕೆ ಕೊಟ್ಟು ಕೊಂಡ ಕಾಲನ್ನು ದೂರ ತಳ್ಳುವುದು, ಬೀಗ ಮಾರಿ ನಾಯಿ ಸಾಕಿದ ಹಾಗೆ. ನಾಯಿಗೂ ರಾತ್ರಿ ನಿದ್ದೆ.

ಒಂದು ಮಾತು ಇಲ್ಲೇ ಸೇರಿಸಿಬಿಡುತ್ತೇನೆ. ಒಂದೇ ಉದ್ಯಮದ ಐದು ಕಂಪನಿಗಳಲ್ಲಿ ಒಂದೊಂದು ಸ್ಪ್ರೆಡ್ ಮಾರಿದರೆ ಅಪಾಯ ಹಂಚಿಹೋಯಿತು ಅಂದುಕೊಳ್ಳಬೇಡಿ. ಉದ್ಯಮಕ್ಕೇ ತಟ್ಟುವ ಸುದ್ದಿ ಬಂದರೆ ಐದೂ ಒಂದೇ ಬೆಳಿಗ್ಗೆ ಬೀಳುತ್ತವೆ. ಲೆಕ್ಕ ಹಾಕುವಾಗ ಅವೆಲ್ಲ ಸೇರಿ ಒಂದೇ ವ್ಯವಹಾರ ಅಂತ ಇಟ್ಟುಕೊಳ್ಳಿ.

## ನಾಲ್ಕನೇ ಹೆಜ್ಜೆ: ಸಂಜೆ ಮುಚ್ಚುವ ಮೊದಲು ಒಂದು ಪ್ರಶ್ನೆ

ಮಾರುಕಟ್ಟೆ ಮುಚ್ಚಲು ಅರ್ಧ ಗಂಟೆ ಇರುವಾಗ ಪ್ರತಿ ಸ್ಪ್ರೆಡ್ ಮುಂದೆ ನಿಂತು ಕೇಳಿಕೊಳ್ಳಿ: ನಾಳೆ ಬೆಳಿಗ್ಗೆ ಇದು ಪೂರ್ತಿ ಅಗಲಕ್ಕೆ ಹೋಗಿದ್ದರೆ ನನಗೆ ಎಷ್ಟು ನೋವು? ಉತ್ತರ ತಡೆಯುವಂತಿದ್ದರೆ ಇರಲಿ. ಇಲ್ಲದಿದ್ದರೆ ಈಗಲೇ ಸಂಖ್ಯೆ ಕಡಿಮೆ ಮಾಡಿ. ಕಡಿಮೆ ಮಾಡಲು ಸರಿಯಾದ ಹೊತ್ತು ಇದೇ, ಯಾಕೆಂದರೆ ಈಗ ಕೋಟ್ ಕಿರಿದಾಗಿದೆ, ಎದುರು ಕೊಡುವವರಿದ್ದಾರೆ.

ತಾರೀಖು ಗೊತ್ತಿರುವ ಸುದ್ದಿಗಳು ಬೇರೆ. ಕಂಪನಿಯ ಫಲಿತಾಂಶ, ಬಡ್ಡಿದರದ ಸಭೆ, ಔಷಧ ಅನುಮತಿಯ ದಿನ, ಇವೆಲ್ಲ ಕ್ಯಾಲೆಂಡರ್‌ನಲ್ಲಿ ಸಿಗುತ್ತವೆ. ಅವುಗಳ ಹಿಂದಿನ ಸಂಜೆ ಹೊರಗೆ ಇರುವುದು ಸುಲಭ. 2022ರ ಫೆಬ್ರವರಿ 3ರಂದು ಫೇಸ್‌ಬುಕ್‌ನ ಮಾಲೀಕ ಕಂಪನಿ ಮೆಟಾದ ಷೇರು ಒಂದೇ ದಿನ ಸುಮಾರು ಶೇ 26 ಬಿತ್ತು. ಅದರಲ್ಲಿ ಹೆಚ್ಚಿನ ಭಾಗ ಬೆಳಿಗ್ಗೆ ತೆರೆಯುವಾಗಲೇ ಆಗಿಹೋಗಿತ್ತು. ಹಿಂದಿನ ದಿನ ಸಂಜೆ ಫಲಿತಾಂಶ ಬರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಇಷ್ಟು ಬೀಳುತ್ತದೆ ಅನ್ನುವುದು ಗೊತ್ತಿರಲಿಲ್ಲ.

ಕ್ಯಾಲೆಂಡರ್‌ನಲ್ಲಿ ಇಲ್ಲದ ಸುದ್ದಿಗೆ ಹೀಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಅಲ್ಲಿ ಉಳಿಯುವುದು ಎರಡೇ: ಎಷ್ಟು ಸ್ಪ್ರೆಡ್ ಮತ್ತು ಎಷ್ಟು ರಾತ್ರಿ. ಮಾರಿದ 1.20ರ ಸ್ಪ್ರೆಡ್ ಎರಡು ವಾರದಲ್ಲಿ 0.40ಕ್ಕೆ ಇಳಿದಿದ್ದರೆ, ಉಳಿದ 0.40 ಗಳಿಸಲು ಇನ್ನೂ ಹದಿನಾರು ರಾತ್ರಿ ಕಾಯಬೇಕು. ಆ ಹದಿನಾರೂ ರಾತ್ರಿ 5ರವರೆಗೆ ಹೋಗುವ ಅಪಾಯ ಹಾಗೇ ಇದೆ. ಅಂದರೆ ಈಗ ನಲವತ್ತಕ್ಕಾಗಿ ನಾನೂರ ಅರವತ್ತು ಪಣಕ್ಕಿಟ್ಟಿದ್ದೀರಿ. ನಾನಾದರೆ ಅಲ್ಲಿಗೆ ಮುಗಿಸುತ್ತೇನೆ.

ಒಂಟಿ ಕಂಪನಿಯ ಷೇರಿಗಿಂತ ಸೂಚ್ಯಂಕದ ಸ್ಪ್ರೆಡ್‌ನಲ್ಲಿ ಗ್ಯಾಪ್ ಸಾಮಾನ್ಯವಾಗಿ ಚಿಕ್ಕದು. ಒಂದು ಕಂಪನಿಯ ಮೋಸ ಬಯಲಾದರೆ ಇಡೀ ಸೂಚ್ಯಂಕ ಶೇ 16 ಬೀಳುವುದಿಲ್ಲ. ದೊಡ್ಡ ಸೂಚ್ಯಂಕಗಳ ಫ್ಯೂಚರ್ಸ್ ರಾತ್ರಿಯೂ ನಡೆಯುವ ಕಡೆ, ಎಚ್ಚರ ಇದ್ದವರು ಅದನ್ನು ಮಾರಿ ಸ್ವಲ್ಪ ತಡೆ ಹಾಕಬಹುದು. ಒಂಟಿ ಷೇರಿಗೆ ಆ ಅನುಕೂಲ ಕಡಿಮೆ.

## ಐದನೇ ಹೆಜ್ಜೆ: ಗ್ಯಾಪ್ ಬಂದೇ ಬಿಟ್ಟಿದೆ, ಈಗೇನು?

ತೆರೆಯುವ ಮೊದಲೇ ಸುದ್ದಿ ಗೊತ್ತಾದರೆ, ಮೊದಲ ಕೆಲಸ ಬಾಕಿ ಇರುವ ಸ್ಟಾಪ್ ಆರ್ಡರ್ ರದ್ದು ಮಾಡುವುದು. ಹೌದು, ರದ್ದು. 5.80ರ ಕಥೆ ನೋಡಿದಿರಲ್ಲ. ನಷ್ಟಕ್ಕೆ ಮಿತಿ ಹಾಕುವ ಕೆಲಸ ಕೊಂಡ ಪುಟ್ ಆಗಲೇ ಮಾಡುತ್ತಿದೆ. (ಬರೀ ಪುಟ್ ಮಾರಿ ಕೂತಿದ್ದರೆ ಈ ಸಲಹೆ ನಿಮಗಲ್ಲ.)

ಆಮೇಲೆ ಕಾಯಿರಿ. ಎರಡು ಕಾಲುಗಳ ಬಿಡ್ ಆಸ್ಕ್ ಅಂತರ ಎಷ್ಟಿದೆ ಅಂತ ನೋಡುತ್ತಿರಿ. ಮೊದಲು ಎರಡು ಇದ್ದದ್ದು ಅರ್ಧಕ್ಕಿಂತ ಕೆಳಗೆ ಬಂದಾಗ ನಡುಬೆಲೆ ನಂಬಬಹುದು. ಆಗ ಇಡೀ ಸ್ಪ್ರೆಡ್‌ಗೆ ಒಂದೇ ಲಿಮಿಟ್ ಆರ್ಡರ್ ಇಡಿ. ನಡುಬೆಲೆಯಿಂದ ಶುರು ಮಾಡಿ, ಸಿಗದಿದ್ದರೆ ಐದೈದು ಪೈಸೆ ಏರಿಸಿ. ಅಗಲಕ್ಕಿಂತ ಜಾಸ್ತಿ ಬೆಲೆಯನ್ನು ಯಾವ ಕಾರಣಕ್ಕೂ ಬರೆಯಬೇಡಿ.

ಮುಗಿಸಬೇಕೋ ಬೇಡವೋ ಅನ್ನುವುದು ಎಷ್ಟು ಉಳಿದಿದೆ ಅನ್ನುವುದರ ಮೇಲೆ ನಿಂತಿದೆ. ಸ್ಪ್ರೆಡ್ 3.85ರಲ್ಲಿದ್ದರೆ ಇನ್ನೂ 1.15 ಕಳೆದುಕೊಳ್ಳಲು ಜಾಗ ಇದೆ, ಹಾಗಾಗಿ ಮುಗಿಸುವುದಕ್ಕೆ ಅರ್ಥ ಇದೆ. ಅದೇ 4.90ರಲ್ಲಿದ್ದರೆ ಮುಗಿಸಿ ಉಳಿಸುವುದು ಬರೀ 0.10. ಅಲ್ಲಿ ಅವಸರ ಬೇಡ, ಆದರೆ ಒಂದು ಕಣ್ಣು ಅಸೈನ್‌ಮೆಂಟ್ ಮೇಲಿರಲಿ. ಅಮೆರಿಕನ್ ಮಾದರಿಯ ಆಪ್ಷನ್ ಆದರೆ, ನೀವು ಮಾರಿದ 95ರ ಪುಟ್ ಕೊಂಡವರು ಯಾವತ್ತು ಬೇಕಾದರೂ ಷೇರನ್ನು 95ಕ್ಕೆ ನಿಮ್ಮ ತಲೆಗೆ ಕಟ್ಟಬಹುದು. ಐದು ಸ್ಪ್ರೆಡ್‌ಗೆ 500 ಷೇರು, 47,500. ಹದಿನಾರಕ್ಕೆ 1,52,000, ಖಾತೆಯಲ್ಲಿ ಇರುವುದಕ್ಕಿಂತ ಜಾಸ್ತಿ. 90ರ ಪುಟ್ ನಿಮ್ಮ ಬಳಿ ಇರುವವರೆಗೆ ನಷ್ಟದ ಮಿತಿ ಬದಲಾಗುವುದಿಲ್ಲ, ಆದರೆ ಬ್ರೋಕರ್‌ನಿಂದ ಮಾರ್ಜಿನ್ ಕೇಳಿ ಫೋನ್ ಬರುತ್ತದೆ. ಆಗ ಗಾಬರಿಯಲ್ಲಿ 90ರ ಪುಟ್ ಒಂದನ್ನೇ ಮಾರಿ ಹಣ ಹೊಂದಿಸಲು ಹೋಗಬೇಡಿ. ಷೇರು ಮತ್ತು ಪುಟ್ ಎರಡನ್ನೂ ಒಟ್ಟಿಗೆ ಮುಗಿಸಿ, ಇಲ್ಲವೇ ಪುಟ್ ಚಲಾಯಿಸಿ ಷೇರನ್ನು 90ಕ್ಕೆ ಕೊಟ್ಟುಬಿಡಿ.

## ಮಿತಿಯೂ ಮುರಿಯುವ ಒಂದು ಸಂಜೆ

3.80 ಗರಿಷ್ಠ ಅಂತ ಇಷ್ಟು ಹೊತ್ತು ಹೇಳಿದೆ. ಅದು ಸುಳ್ಳಾಗುವ ದಿನ ಒಂದಿದೆ: ಎಕ್ಸ್‌ಪೈರಿಯ ಸಂಜೆ.

ಅಮೆರಿಕದ ಷೇರು ಆಪ್ಷನ್‌ಗಳ ವ್ಯಾಪಾರ ಅಲ್ಲಿನ ಪೂರ್ವ ಸಮಯದ ಪ್ರಕಾರ ಸಂಜೆ 4ಕ್ಕೆ ನಿಲ್ಲುತ್ತದೆ. ಆದರೆ ಆಪ್ಷನ್ ಕೊಂಡವರು ಅದನ್ನು ಚಲಾಯಿಸಬೇಕೋ ಬೇಡವೋ ಅಂತ 5.30ರವರೆಗೆ ಹೇಳಬಹುದು. ಈ ಒಂದೂವರೆ ಗಂಟೆಯಲ್ಲಿ ಸುದ್ದಿ ಬಂದರೆ?

ಶುಕ್ರವಾರ ಷೇರು 95.40ಕ್ಕೆ ಮುಚ್ಚಿತು. ನಿಮ್ಮ ಎರಡೂ ಪುಟ್‌ಗಳಿಗೆ ಬೆಲೆ ಇಲ್ಲ, 1.20 ಪೂರ್ತಿ ಉಳಿಯಿತು ಅಂತ ಖುಷಿಯಲ್ಲಿ ಎದ್ದು ಹೋದಿರಿ. 4.15ಕ್ಕೆ ಕೆಟ್ಟ ಸುದ್ದಿ. ಮುಚ್ಚಿದ ಮೇಲಿನ ವ್ಯಾಪಾರದಲ್ಲಿ ಷೇರು 88. ನಿಮ್ಮ 95ರ ಪುಟ್ ಕೊಂಡವರು ಎಚ್ಚರ ಇದ್ದರು, ಚಲಾಯಿಸಿದರು. ನಿಮ್ಮ 90ರ ಪುಟ್ ತಾನಾಗಿ ಚಲಾವಣೆಯಾಗುವುದಿಲ್ಲ, ಯಾಕೆಂದರೆ ಮುಚ್ಚಿದ ಬೆಲೆಯ ಲೆಕ್ಕದಲ್ಲಿ ಅದಕ್ಕೆ ಬೆಲೆ ಇರಲಿಲ್ಲ. ನೀವು ಹೇಳಿದ್ದರೆ ಆಗುತ್ತಿತ್ತು, ಆದರೆ ಬ್ರೋಕರ್‌ಗಳ ಗಡುವು 5.30ಕ್ಕಿಂತ ಮೊದಲೇ ಇರಬಹುದು, ನೀವೋ ಆಗಲೇ ಹೊರಟುಹೋಗಿದ್ದೀರಿ. ಅದು ಸತ್ತಿತು.

ಸೋಮವಾರ ಬೆಳಿಗ್ಗೆ ಖಾತೆಯಲ್ಲಿ 95ಕ್ಕೆ ಕೊಂಡ 500 ಷೇರು. ತೆರೆದದ್ದು 85. ಷೇರಿಗೆ 10 ನಷ್ಟ, ಬಂದ 1.20 ಕಳೆದರೆ 8.80. ಒಟ್ಟು 4,400. ನಿಮ್ಮ "ಗರಿಷ್ಠ" 1,900 ಆಗಿತ್ತು. ಸ್ಟಾಪ್ ಅಂತೂ ಶುಕ್ರವಾರವೇ ಸ್ಪ್ರೆಡ್ ಜೊತೆ ಮುಗಿದುಹೋಗಿತ್ತು, ಏಳಲು ಅದಕ್ಕೆ ಕಾರಣವೂ ಇರಲಿಲ್ಲ.

ನಗದಿನಲ್ಲಿ ಲೆಕ್ಕ ತೀರುವ ಸೂಚ್ಯಂಕ ಆಪ್ಷನ್‌ಗಳಲ್ಲಿ ಷೇರು ತಲೆಗೆ ಬರುವ ಈ ಕಾಟ ಇಲ್ಲ. ಆದರೆ ಅಲ್ಲೂ ಒಂದು ಸಣ್ಣ ಬಲೆ ಇದೆ. ಎಸ್ ಆ್ಯಂಡ್ ಪಿ 500ರ ಹಳೆಯ ಮಾಸಿಕ ಆಪ್ಷನ್‌ಗಳು ಗುರುವಾರ ವ್ಯಾಪಾರ ಮುಗಿಸಿ, ಶುಕ್ರವಾರ ಬೆಳಿಗ್ಗೆ ತೆರೆಯುವ ಬೆಲೆಗಳ ಮೇಲೆ ತೀರುತ್ತವೆ. ಗುರುವಾರ ರಾತ್ರಿಯ ಸುದ್ದಿಗೆ ನೀವು ಕೈಕಟ್ಟಿ ಕೂರಬೇಕು. ನಿಮ್ಮ ಆಪ್ಷನ್ ಬೆಳಗಿನ ಬೆಲೆಗೆ ತೀರುತ್ತದೋ ಸಂಜೆಯ ಬೆಲೆಗೋ ಅಂತ ಕಾಂಟ್ರಾಕ್ಟ್ ವಿವರದಲ್ಲಿ ಒಮ್ಮೆ ಓದಿ ನೋಡಿ.

ಷೇರಿನ ಸ್ಪ್ರೆಡ್‌ಗೆ ಪರಿಹಾರ ಬಹಳ ಅಗ್ಗ. ಶುಕ್ರವಾರ ಮಧ್ಯಾಹ್ನ ಷೇರು 98ರಲ್ಲಿದ್ದಾಗ ಈ ಸ್ಪ್ರೆಡ್ ಹೆಚ್ಚು ಕಡಿಮೆ 0.05ಕ್ಕೆ ಸಿಗುತ್ತದೆ. ಐದಕ್ಕೆ ಒಟ್ಟು 25. ಕೆಲವು ಬ್ರೋಕರ್‌ಗಳು ಇಷ್ಟು ಅಗ್ಗದ ಆಪ್ಷನ್ ಕೊಂಡು ಮುಗಿಸಲು ಕಮಿಷನ್ ಕೂಡ ತೆಗೆದುಕೊಳ್ಳುವುದಿಲ್ಲ. ನಾನು ಸ್ಪ್ರೆಡ್ ಮಾರಿದ ದಿನವೇ, ಎಕ್ಸ್‌ಪೈರಿವರೆಗೆ ಜೀವ ಇರುವಂತೆ, 0.05ಕ್ಕೆ ಕೊಳ್ಳುವ ಲಿಮಿಟ್ ಆರ್ಡರ್ ಒಂದನ್ನು ಇಟ್ಟುಬಿಡುತ್ತೇನೆ. ಮೊದಲು ಸ್ಟಾಪ್ ಕೂರುತ್ತಿದ್ದ ಜಾಗದಲ್ಲಿ ಈಗ ಅದು ಕೂತಿರುತ್ತದೆ.